ಇಯರ್‌ಬಡ್ ಹಾಕಿದ್ರೆ ಕಿವಿ ಕಟ್ಟುತ್ತಾ? ಡ್ರಾಪ್ಸ್ ಬಿಡೋ ಮುಂಚೆ ಇದನ್ನು ಓದಿ

ನಾಯ್ಸ್ ಕ್ಯಾನ್ಸಲೇಷನ್ ಇರುವ ಇಯರ್‌ಬಡ್ ಹಾಕಿ ಆನ್ ಮಾಡಿದ ತಕ್ಷಣ ಕಿವಿ ಗವ್ ಅಂತ ಕಟ್ಟಿದ ಹಾಗೆ ಆದರೆ, ಅಂಗಡಿಯವರ ಮಾತು ಕೇಳಿ ಕಿವಿಗೆ ಏನೂ ಬಿಡಬೇಡಿ. ಮೂಗು ಹಿಡಿದುಕೊಂಡು ಜೋರಾಗಿ ಗಾಳಿ ಊದಲೂ ಬೇಡಿ. ನನಗೆ ಈ ಎರಡೂ ಸಲಹೆ ಸಿಕ್ಕಿದವು. ಎರಡೂ ದಂಡ.

ನನ್ನದು ಸೌಂಡ್ ಸಿಸ್ಟಂ ಕೆಲಸ. ಮಂಡ್ಯ, ಮೈಸೂರು ಕಡೆ ಮದುವೆ ಛತ್ರ, ಆರ್ಕೆಸ್ಟ್ರಾ, ಊರ ಹಬ್ಬ. ರಾತ್ರಿಯೆಲ್ಲ ಬಾಕ್ಸ್ ಪಕ್ಕ ನಿಂತ ಕಿವಿಗೆ ವಾಪಸ್ ಬರುವಾಗ ಬಸ್ಸಿನಲ್ಲಾದರೂ ಸ್ವಲ್ಪ ಆರಾಮ ಇರಲಿ ಅಂತ ಮೈಸೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಬಡ್ ತಗೊಂಡೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 45 ಡಿಬಿ ಅಂತ ಇತ್ತು. ಆನ್ ಮಾಡಿದರೆ ಬಸ್ಸಿನ ಇಂಜಿನ್ ಸದ್ದು ನಿಜವಾಗಿಯೂ ಮಾಯ. ಆದರೆ ಎರಡೂ ಕಿವಿಯಲ್ಲಿ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಬಸ್ಸು ಹಂಪ್ ಹಾರಿದಾಗಲೆಲ್ಲ ಬಲಗಡೆ ಬೇರೆ ‘ಡುಬ್’ ಅಂತ ಒಂದು ಹೊಡೆತ. ಮನೆಗೆ ಬರುವಷ್ಟರಲ್ಲಿ ತಲೆ ಭಾರ.

ವಾಪಸ್ ಕೊಡಲು ಹೋದರೆ ಅಂಗಡಿಯವನು, ‘ಅಣ್ಣಾ, ನಿಮ್ ಕಿವೀಲಿ ಗುಗ್ಗೆ ತುಂಬಿರ್ಬೇಕು, ಡ್ರಾಪ್ಸ್ ಬಿಡಿ. ಮೂಗು ಹಿಡ್ಕೊಂಡು ಊದಿ, ಓಪನ್ ಆಗುತ್ತೆ. ಬಡ್ಡು ಒಳಗೆ ಗಾಳಿ ಪ್ರೆಶರ್ ಕೊಟ್ಟು ಸೌಂಡ್ ತಡೆಯುತ್ತೆ, ಅಡ್ಜಸ್ಟ್ ಆಗೋಕೆ ಟೈಮ್ ಬೇಕು’ ಅಂದ. ಕಿವಿಗೆ ಹಾಕಿದ ಮಾಲು ವಾಪಸ್ ತಗೊಳ್ಳಲ್ಲ ಅಂತಲೂ ಹೇಳಿದ. ಕಿವಿ ಹೋದರೆ ನನ್ನ ಹೊಟ್ಟೆಪಾಡೇ ಹೋಯಿತು. ಹಾಗಾಗಿ ಡ್ರಾಪ್ಸ್ ತರದೆ ನೇರವಾಗಿ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಅವರು ದೀಪ ಹಾಕಿ ನೋಡಿದರು, ಗುಗ್ಗೆ ಇರಲಿಲ್ಲ. ಆಮೇಲೆ ಟಿಂಪನೋಮೆಟ್ರಿ ಮಾಡಿಸಿದರು. ಕಿವಿಗೆ ಒಂದು ರಬ್ಬರ್ ತುದಿ ಇಟ್ಟು, ಗಾಳಿಯ ಒತ್ತಡ ಏರಿಸಿ ಇಳಿಸಿ, ಕಿವಿ ತಮಟೆ ಹೇಗೆ ಅಲುಗಾಡುತ್ತೆ ಅಂತ ನೋಡುವ ಪರೀಕ್ಷೆ ಅದು. ಎರಡೂ ಕಿವಿ ನಾರ್ಮಲ್.

ಹಾಗಾದರೆ ಆ ಒತ್ತಡ ಎಲ್ಲಿಂದ ಬಂತು? ಉತ್ತರ ನನ್ನ ಕೆಲಸದಲ್ಲೇ ಇತ್ತು. ಎರಡು ಬಾಕ್ಸ್ ಇಟ್ಟು, ಒಂದರ ಪ್ಲಸ್ ಮೈನಸ್ ವೈರ್ ಉಲ್ಟಾ ಕೊಟ್ಟರೆ ಏನಾಗುತ್ತೆ ಅಂತ ಮೈಕ್‌ಸೆಟ್ ಹುಡುಗರಿಗೆಲ್ಲ ಗೊತ್ತು. ಒಂದು ಬಾಕ್ಸಿನ ಕೋನ್ ಮುಂದೆ ಬಂದಾಗ ಇನ್ನೊಂದರದ್ದು ಹಿಂದೆ ಹೋಗುತ್ತೆ. ಎರಡರ ನಡುವೆ ನಿಂತರೆ ಬೇಸ್ ಸತ್ತೇ ಹೋಗುತ್ತೆ. ಅಲ್ಲಿ ನಿಂತವರಿಗೆ ಕಿವಿಯಲ್ಲಿ, ತಲೆಯಲ್ಲಿ ಏನೋ ಎಳೆದ ಹಾಗೆ ಅನ್ನಿಸುವುದೂ ಉಂಟು. ಅಲ್ಲಿ ಯಾರೂ ಯಾರ ಕಿವಿಯನ್ನೂ ಮುಚ್ಚಿರುವುದಿಲ್ಲ!

ಬಡ್ ಮಾಡುವುದೂ ಇದನ್ನೇ, ಬೇಕು ಅಂತಲೇ ಮಾಡುತ್ತೆ. ಹೊರಗಡೆ ಒಂದು ಮೈಕ್ ಇದ್ದು, ಬರುವ ಸದ್ದನ್ನು ಮೊದಲೇ ಹಿಡಿಯುತ್ತೆ. ಒಳಗಿನ ಚಿಪ್ ಅದರ ಉಲ್ಟಾ ಅಲೆ ಮಾಡಿ ಪುಟ್ಟ ಸ್ಪೀಕರಿಗೆ ಕಳಿಸುತ್ತೆ. ಎರಡೂ ಅಲೆ ಕಿವಿಯೊಳಗೆ ಸೇರಿ ಒಂದನ್ನೊಂದು ಹೊಡೆದುಹಾಕುತ್ತವೆ. ಒಳ್ಳೆಯ ಬಡ್‌ಗಳಲ್ಲಿ ಸ್ಪೀಕರಿನ ಪಕ್ಕ, ಕಿವಿಯ ಕಡೆ ಇನ್ನೊಂದು ಮೈಕ್ ಇರುತ್ತೆ. ಉಳಿದ ಸದ್ದು ಎಷ್ಟು ಅಂತ ಕೇಳಿ ಸರಿಮಾಡುವುದು ಅದರ ಕೆಲಸ.

ಈ ಆಟ ನಡೆಯುವುದು ದಪ್ಪ ಸದ್ದಿನ ಮೇಲೆ ಮಾತ್ರ. 100 ಹರ್ಟ್ಸ್‌ನ ಇಂಜಿನ್ ಗುಡುಗುಡು ಒಂದು ಅಲೆಗೆ ಸುಮಾರು 3.4 ಮೀಟರ್ ಉದ್ದ ಇರುತ್ತೆ. ಚಿಪ್ ಒಂಚೂರು ತಡ ಮಾಡಿದರೂ ಉಲ್ಟಾ ಅಲೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತೆ. 5000 ಹರ್ಟ್ಸ್‌ನ ಅಲೆ 7 ಸೆಂಟಿಮೀಟರ್ ಮಾತ್ರ. ಅಲ್ಲಿ ಸ್ವಲ್ಪ ತಡವಾದರೂ ತಪ್ಪಿಹೋಗುತ್ತೆ. ಹಾಗಾಗಿ ಸುಮಾರು 1000 ಹರ್ಟ್ಸ್‌ಗಿಂತ ಮೇಲಿನ ಸದ್ದು, ಅಂದರೆ ಕಂಡಕ್ಟರ್ ವಿಸಿಲ್, ಮಗುವಿನ ಕಿರುಚಾಟ, ಇವುಗಳನ್ನು ತಡೆಯುವುದು ಬಹುಪಾಲು ಸಿಲಿಕಾನ್ ಟಿಪ್ಪೇ. ಡಬ್ಬದ ಮೇಲಿನ 45 ಡಿಬಿ ಅನ್ನುವುದೂ ಸಾಮಾನ್ಯವಾಗಿ ಯಾವುದೋ ಒಂದು ಹರ್ಟ್ಸ್‌ನಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ. ಎಲ್ಲಾ ಸದ್ದೂ ಅಷ್ಟು ಇಳಿಯುತ್ತೆ ಅಂತ ಅಲ್ಲ.

ಈಗ ಕಿವಿ ಕಟ್ಟುವ ಕಥೆಗೆ ಬರೋಣ. ಊಟಿಯಿಂದ ಮಸಿನಗುಡಿ ಕಡೆ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಲ್ವಾ? ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾಗಿ ತಮಟೆ ಒಳಕ್ಕೆ ಎಳೆದುಕೊಂಡು ಬಿಗಿಯಾಗುತ್ತೆ. ಬಿಗಿಯಾದ ತಮಟೆಗೆ ಮೊದಲು ಕಡಿಮೆಯಾಗುವುದೇ ದಪ್ಪ ಸದ್ದು. ಬಡ್ ಕೂಡ ದಪ್ಪ ಸದ್ದನ್ನೇ ತೆಗೆದು, ಸಣ್ಣ ಸದ್ದನ್ನು ಸ್ವಲ್ಪ ಉಳಿಸುತ್ತೆ. ಮಿದುಳಿಗೆ ಈ ಗುರುತು ಹಳೆಯದು. ಬೇಸ್ ಹೋಯಿತು ಅಂದರೆ ಒತ್ತಡ ಏರಿದೆ ಅಂತ ಲೆಕ್ಕ ಹಾಕಿ, ಆ ಅನುಭವವನ್ನೇ ಕೊಟ್ಟುಬಿಡುತ್ತೆ. ಬಲ್ಲವರು ಹೆಚ್ಚಾಗಿ ಕೊಡುವ ವಿವರಣೆ ಇದು. ಕೆಲವರಿಗೆ ಏನೂ ಅನ್ನಿಸಲ್ಲ, ನನ್ನಂಥವರಿಗೆ ತಲೆಯೇ ಸುತ್ತುತ್ತೆ.

ಅಂಗಡಿಯವನ ‘ಗಾಳಿ ಪ್ರೆಶರ್’ ಎಷ್ಟು ಸುಳ್ಳು ಅಂತ ಲೆಕ್ಕ ಹಾಕಿ ನೋಡಿ. 80 ಡಿಬಿ ಬಸ್ ಸದ್ದನ್ನು ಹೊಡೆದುಹಾಕಲು ಬೇಕಾದ ಅಲೆ ಸುಮಾರು 0.2 ಪಾಸ್ಕಲ್. ಅದೂ ಸೆಕೆಂಡಿಗೆ ಹತ್ತಾರು, ನೂರಾರು ಸಲ ಏರಿ ಇಳಿಯುವಂಥದ್ದು, ಒಂದೇ ಕಡೆ ಒತ್ತಿ ನಿಲ್ಲುವಂಥದ್ದಲ್ಲ. ನಮ್ಮ ಮನೆಯ ಮಹಡಿಗೆ ಮೆಟ್ಟಿಲು ಹತ್ತಿದರೆ, 3 ಮೀಟರಿಗೆ, ಗಾಳಿಯ ಒತ್ತಡ 30 ಪಾಸ್ಕಲ್‌ನಷ್ಟು ಬದಲಾಗುತ್ತೆ. ಅದು ಗೊತ್ತೂ ಆಗಲ್ಲ. ಒತ್ತಡವೇ ಇಲ್ಲದ ಮೇಲೆ ಮೂಗು ಹಿಡಿದು ಊದಿ ಏನನ್ನು ಸರಿಮಾಡುವುದು? ಸರಿಹೋಗಲಿಲ್ಲ ಅಂತ ಮತ್ತೆ ಮತ್ತೆ ಜೋರಾಗಿ ಊದಿದರೆ ಚೆನ್ನಾಗಿರುವ ತಮಟೆಗೇ ಪೆಟ್ಟು.

ಆದರೆ ಹಂಪ್‌ನಲ್ಲಿ ಬಂದ ಆ ‘ಡುಬ್’ ಭ್ರಮೆ ಅಲ್ಲ, ನಿಜವಾದ ಸದ್ದು. ಬಸ್ಸು ಎಗರಿದಾಗ ಬಡ್ ಕಿವಿಯೊಳಗೆ ಅಲುಗಾಡಿ, ಒಳಗೆ ಸಿಕ್ಕಿದ ಗಾಳಿಯನ್ನು ಒತ್ತುತ್ತೆ. ಒಳಗಿನ ಮೈಕ್ ಅದನ್ನು ದೊಡ್ಡ ಬೇಸ್ ಅಂತ ತಿಳಿದು ಸ್ಪೀಕರಿಗೆ ಉಲ್ಟಾ ತಳ್ಳು ಅನ್ನುತ್ತೆ. ಪುಟ್ಟ ಸ್ಪೀಕರು ತನ್ನ ಮಿತಿಗೆ ಹೋಗಿ ಬಡಿಯುತ್ತೆ. ಕಾರಿನ ಬಾಗಿಲು ಹಾಕಿದಾಗಲೂ ಹೀಗೆ ಆಗಬಹುದು. ನನ್ನದರಲ್ಲಿ ಬಲಗಡೆ ಮಾತ್ರ ಯಾಕೆ ಅಂತ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಬಡ್‌ಗಳಲ್ಲಿ ಗಾಳಿ ಆಡಲು ಸೂಜಿಮೊನೆಯಷ್ಟು ತೂತು ಇರುತ್ತೆ, ಮೇಲೆ ಜಾಲರಿ. ಎಡಗಡೆಯ ಜಾಲರಿ ಹೊಳೆಯುತ್ತಿತ್ತು, ಬಲಗಡೆಯದರ ಮೇಲೆ ಅಂಟು ಹರಡಿಕೊಂಡಿತ್ತು. ತಯಾರಿಕೆಯ ದೋಷ. ಅದನ್ನು ತೋರಿಸಿದ ಮೇಲೆ, ಸ್ವಲ್ಪ ಗಲಾಟೆಯಾದ ಮೇಲೆ, ಬೇರೆ ಜೊತೆ ಕೊಟ್ಟರು. ಡುಬ್ ನಿಂತಿತು. ಒತ್ತಿದ ಹಾಗೆ ಆಗುವುದು ಹಾಗೇ ಉಳಿಯಿತು. ಆಪ್‌ನಲ್ಲಿ ಕ್ಯಾನ್ಸಲೇಷನ್ ಮಟ್ಟ ಇಳಿಸಿ, ಸಣ್ಣದಾಗಿ ಹಾಡು ಹಾಕಿಕೊಂಡರೆ ತಡೆದುಕೊಳ್ಳಬಹುದು.

ತಗೊಳ್ಳುವ ಮುಂಚೆ ಅಂಗಡಿಯಲ್ಲೇ ಹಾಡು ಹಾಕದೆ ಸ್ವಲ್ಪ ಹೊತ್ತು ಆನ್ ಮಾಡಿಟ್ಟು ನೋಡಿ. ಹಾಡು ಇದ್ದರೆ ಒತ್ತಡ ಗೊತ್ತಾಗಲ್ಲ, ಅಂಗಡಿಯವರು ಅದಕ್ಕೇ ಮೊದಲು ಹಾಡು ಹಾಕಿ ಕೊಡುತ್ತಾರೇನೋ. ಆಮೇಲೆ ಬಡ್ ತೆಗೆಯದೆ ಕ್ಯಾನ್ಸಲೇಷನ್ ಮಾತ್ರ ಆಫ್ ಮಾಡಿ. ಒತ್ತಡ ಅದೇ ಕ್ಷಣ ಹೋದರೆ ನಿಮ್ಮ ಕಿವಿ ಸರಿಯಾಗಿದೆ, ಆ ಬಡ್ ನಿಮಗೆ ಒಗ್ಗಲ್ಲ ಅಷ್ಟೇ. ಆಫ್ ಮಾಡಿದರೂ ಹೋಗದೆ, ಬಡ್ ತೆಗೆದಾಗ ಹೋದರೆ ಟಿಪ್ ಬಿಗಿಯಾಗಿದೆ, ಸೈಜ್ ಬದಲಿಸಿ. ಬಡ್ ತೆಗೆದ ಮೇಲೂ ಕಿವಿ ಕಟ್ಟಿಯೇ ಇದ್ದರೆ ಅದು ಬಡ್ಡಿನ ಆಟ ಅಲ್ಲ. ನೆಗಡಿ, ಗುಗ್ಗೆ ಏನಾದರೂ ಇರಬಹುದು, ಡಾಕ್ಟರಿಗೆ ತೋರಿಸಿ. ಅದರಲ್ಲೂ ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ನಾಳೆ ನೋಡೋಣ ಅನ್ನದೆ ಅವತ್ತೇ ಇಎನ್‌ಟಿ ಹತ್ತಿರ ಹೋಗಿ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಕೇಳಿಸುವುದು ವಾಪಸ್ ಬರುವ ಸಾಧ್ಯತೆ ಜಾಸ್ತಿ.