ಎಬಿಜಿಲಿ ಕಾಂಪನ್ಸೇಶನ್ ನೋಡೋಕೆ ಮೂರು ದಾರಿ, ಒಂದೇ ಕೇಸ್ ಮೇಲೆ

ಐಸಿಯು ಡ್ಯೂಟಿಲಿ ಮೂರನ್ನೂ ಬಳಸಿ ನೋಡಿದೀನಿ, ಪಿಎಚ್‌ನ ಕೊನೇ ಎರಡಂಕಿ ನೋಡೋ ಶಾರ್ಟ್‌ಕಟ್, ವಿಂಟರ್ಸ್ ಫಾರ್ಮುಲಾ, ಆಮೇಲೆ ಬೇಸ್ ಎಕ್ಸೆಸ್.

ಡಿಕೆಎ ಪೇಶೆಂಟ್ ಅಂತ ಇಟ್ಕೊಳ್ಳಿ, ಪ್ರಿಂಟೌಟ್‌ನಲ್ಲಿ ಪಿಎಚ್ 7.08, ಸಿಓಟು 28, ಬೈಕಾರ್ಬ್ 8, ಬೇಸ್ ಎಕ್ಸೆಸ್ ಮೈನಸ್ 20ರ ಹತ್ರ. ಪಿಎಚ್ಚೂ ಬೈಕಾರ್ಬೂ ಎರಡೂ ಕೆಳಗಿವೆ, ಹಾಗಾಗಿ ಮೆಟಬಾಲಿಕ್ ಅಸಿಡೋಸಿಸ್, ಅದ್ರಲ್ಲಿ ಡೌಟಿಲ್ಲ. ಸಿಓಟೂನೂ 40ರಿಂದ 28ಕ್ಕೆ ಇಳಿದಿದೆಯಲ್ಲ, ಕಾಂಪನ್ಸೇಟ್ ಆಗ್ತಿದೆ ಬಿಡು ಅಂತ ಫೈಲಲ್ಲಿ ಬರ್ದು ಮುಂದಿನ ಬೆಡ್‌ಗೆ ಹೋಗೋರೇ ಜಾಸ್ತಿ, ಇಳಿದಿದ್ದು ಸಾಕಾ ಅಂತ ಲೆಕ್ಕ ಹಾಕೋರು ಕಮ್ಮಿ.

ಕೊನೇ ಎರಡಂಕಿ ರೂಲ್ ಪ್ರಕಾರ ಪಿಎಚ್ 7.25 ಇದ್ರೆ ಸಿಓಟು ಸುಮಾರು 25 ಇರ್ಬೇಕು. ರೌಂಡ್ಸಲ್ಲಿ ನಿಂತಲ್ಲೇ ಹೇಳ್ಬಹುದು, ಚೆನ್ನಾಗಿದೆ. ಆದ್ರೆ ಇಲ್ಲಿ ಹಾಕಿದ್ರೆ 8 ಬರುತ್ತೆ, ಅಷ್ಟು ಕೆಳಗೆ ಯಾರ ಸಿಓಟೂನೂ ಹೋಗಲ್ಲ. ಅಸಿಡೋಸಿಸ್ ಜೋರಾಗಿದ್ದಾಗ, ಅಂದ್ರೆ ನಿಜವಾಗ್ಲೂ ಬೇಕಾದಾಗ್ಲೇ ಇದು ಕೈ ಕೊಡುತ್ತೆ.

ವಿಂಟರ್ಸ್ ಹೀಗೆ:

```
PaCO2 = 1.5 × HCO3 + 8 (± 2)
      = 1.5 × 8 + 8 = 20
```

ಅಂದ್ರೆ 18ರಿಂದ 22ರೊಳಗೆ ಇರ್ಬೇಕಿತ್ತು, ಇರೋದು 28. ಕೆಳಗಿದ್ರೂ ಇದು ಜಾಸ್ತೀನೇ, ಜೊತೆಗೆ ರೆಸ್ಪಿರೇಟರಿ ಅಸಿಡೋಸಿಸ್ಸೂ ಸೇರ್ಕೊಂಡಿದೆ. ಪೇಶೆಂಟ್ ಉಸಿರಾಡಿ ಸುಸ್ತಾಗ್ತಿದಾರಾ, ನ್ಯುಮೋನಿಯಾ ಇದ್ಯಾ, ಪೊಟ್ಯಾಸಿಯಂ ಬಿದ್ದು ಉಸಿರಿನ ಸ್ನಾಯು ವೀಕ್ ಆಗಿದ್ಯಾ ಅಂತ ತಕ್ಷಣ ಹೋಗಿ ನೋಡ್ಬೇಕು. ಒಂದು ವಿಷ್ಯ, ಉಸಿರಿನ ಕಾಂಪನ್ಸೇಶನ್ ಪೂರ್ತಿ ಆಗೋಕೆ 12ರಿಂದ 24 ಗಂಟೆ ಹಿಡಿಯುತ್ತೆ, ಈಗಷ್ಟೇ ಶುರುವಾದ ಅಸಿಡೋಸಿಸ್‌ನಲ್ಲಿ ಈ ನಂಬರನ್ನ ಸ್ವಲ್ಪ ಸಡಿಲವಾಗಿ ತಗೋಬೇಕು.

ಬೇಸ್ ಎಕ್ಸೆಸ್ ದಾರಿಲಿ ಲೆಕ್ಕ ಇನ್ನೂ ಸಲೀಸು, 40ರಿಂದ ಆ 20 ಕಳೆದ್ರೆ 20, ಉತ್ತರ ಅದೇ. ಇದು ನಿಜವಾಗ್ಲೂ ಗೆಲ್ಲೋದು ಸಿಓಪಿಡಿ ಪೇಶೆಂಟ್‌ಗಳಲ್ಲಿ. ಸಿಓಟು 60 ಆಗಿ ಬೇಸ್ ಎಕ್ಸೆಸ್ ಸೊನ್ನೆ ಹತ್ರ ಇದ್ರೆ ಈಗ ತಾನೇ ಏರಿದ್ದು, ಪ್ಲಸ್ 8ರ ಹತ್ರ ಇದ್ರೆ ಹಳೇದು, ಕಿಡ್ನಿ ಆಗ್ಲೇ ಬೈಕಾರ್ಬ್ ಹಿಡಿದಿಟ್ಕೊಂಡಿದೆ. ವಿಂಟರ್ಸ್ ಇಲ್ಲಿ ಕೆಲ್ಸಕ್ಕೇ ಬರಲ್ಲ, ಅದು ಮೆಟಬಾಲಿಕ್ ಅಸಿಡೋಸಿಸ್‌ಗೆ ಮಾತ್ರ.

ಹಾಗಾಗಿ ನನ್ ಆಯ್ಕೆ, ಮೆಟಬಾಲಿಕ್ ಅಸಿಡೋಸಿಸ್‌ಗೆ ವಿಂಟರ್ಸ್, ಸಿಓಟು ಏರಿದ್ರೆ ಬೇಸ್ ಎಕ್ಸೆಸ್. ಎರಡಕ್ಕೂ ಸಿಗದೇ ಇರೋ ಕೇಸೂ ಇದೆ, ಸಿಕ್ಕಾಪಟ್ಟೆ ವಾಂತಿ ಮಾಡ್ಕೊಂಡು ಲ್ಯಾಕ್ಟೇಟೂ ಏರಿರೋರದು. ಪಿಎಚ್ 7.40, ಸಿಓಟು 40, ಬೈಕಾರ್ಬ್ 24, ನೋಡೋಕೆ ಪಕ್ಕಾ ನಾರ್ಮಲ್, ಆದ್ರೆ ಸೋಡಿಯಂ 140, ಕ್ಲೋರೈಡ್ 90 ಇದ್ರೆ ಆನಯಾನ್ ಗ್ಯಾಪ್ 26. ಆಸಿಡ್ಡು, ಆಲ್ಕಲಿ ಎರಡೂ ಒಂದನ್ನೊಂದು ಮುಚ್ಚಿಹಾಕಿವೆ, ಅದಕ್ಕೆ ನಾನು ಪ್ರಿಂಟೌಟ್ ಎಷ್ಟೇ ನಾರ್ಮಲ್ ಕಂಡ್ರೂ ಗ್ಯಾಪ್ ಲೆಕ್ಕ ಹಾಕದೇ ಪಕ್ಕಕ್ಕಿಡಲ್ಲ.