ಬೋರ್ ನೀರು, ಸಣ್ಣ ಮನೆ: ಫ್ರಂಟ್ ಲೋಡೋ, ಟಾಪ್ ಲೋಡೋ?

ಹಾಸನದಲ್ಲಿ ವರ್ಷವಿಡೀ ಹೇಮಾವತಿ ನೀರನ್ನೇ ಬಳಸುವ ಮನೆಯವರು ಯಾವ ವಾಷಿಂಗ್ ಮೆಷಿನ್ ತಂದರೂ ನಡೆಯುತ್ತದೆ. ಯೋಚನೆ ಮಾಡಬೇಕಾದ್ದು ನಮ್ಮಂಥ ಅಪಾರ್ಟ್‌ಮೆಂಟಿನವರು. ನಮ್ಮಲ್ಲಿ ಅಡುಗೆಮನೆಗೆ ಮಾತ್ರ ಹೇಮಾವತಿ, ಬಚ್ಚಲಿಗೆ ಮತ್ತು ಮೆಷಿನ್ನಿಗೆ ಬೋರ್ ನೀರು. ನಮ್ಮ ಮನೆಯಲ್ಲಿರುವುದು ಟಾಪ್ ಲೋಡ್. ಒಂದು ಮಹಡಿ ಕೆಳಗಿರುವ ಅತ್ತಿಗೆಯ ಮನೆಯಲ್ಲಿ ಫ್ರಂಟ್ ಲೋಡ್. ಎರಡೂ 7 ಕೆಜಿಯವು, ಎರಡಕ್ಕೂ ಬರುವುದು ಒಂದೇ ಟ್ಯಾಂಕಿನ ನೀರು. ಹಾಗಾಗಿ ಒಂದೇ ಅಂಗಡಿಯಿಂದ ಒಂದೇ ಥರದ ಬಿಳಿ ಟವೆಲ್‌ಗಳನ್ನು ತಂದು ಹಂಚಿಕೊಂಡೆವು. ಇಬ್ಬರೂ ಫ್ರಂಟ್ ಲೋಡಿನ ಪುಡಿಯನ್ನೇ ಒಂದೇ ಅಳತೆಯಲ್ಲಿ ಹಾಕಿ ಮಳೆಗಾಲ ಮುಗಿಯುವವರೆಗೂ ಒಗೆದು ನೋಡಿದೆವು.

ಮೊದಲು ನೀರಿನ ಮಾತು. ಟಿಡಿಎಸ್ ಮೀಟರ್ ಅದ್ದಿ ನೋಡಿ ನೀರು ಗಡಸು ಎಂದು ತೀರ್ಮಾನಿಸುವುದು ಸರಿಯಲ್ಲ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಸೇರಿಸಿ ಲೆಕ್ಕ ಕೊಡುತ್ತದೆ. ಮೆಷಿನ್ನಿಗೂ ಬಟ್ಟೆಗೂ ತೊಂದರೆ ಕೊಡುವುದು ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅದನ್ನು ತಿಳಿಯಲು ಗಡಸುತನ ಪರೀಕ್ಷೆಯ ಕಿಟ್ ಸಿಗುತ್ತದೆ. ನೀರಿಗೆ ಬಣ್ಣದ ದ್ರಾವಣ ಹಾಕಿ, ಕೆಂಪು ಹೋಗಿ ನೀಲಿ ಬರುವವರೆಗೆ ಇನ್ನೊಂದು ಬಾಟಲಿಯಿಂದ ಹನಿ ಎಣಿಸುತ್ತಾ ಬಿಡಬೇಕು. ನಮ್ಮ ಬೋರ್ ನೀರು ಲೀಟರಿಗೆ ಸುಮಾರು 400 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿಗೆ ಬಿಐಎಸ್ ಒಪ್ಪುವ ಮಟ್ಟ 200, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಅಂದರೆ ನಮ್ಮದು ನಡುವಿನ ನೀರು, ತೀರಾ ಕೆಟ್ಟದ್ದೇನಲ್ಲ.

ಇನ್ನು ಎರಡು ಮೆಷಿನ್‌ಗಳ ನಡುವಿನ ನಿಜವಾದ ವ್ಯತ್ಯಾಸಕ್ಕೆ ಬರೋಣ. ಪುಡಿ ಕೊಳೆಯ ತಂಟೆಗೆ ಹೋಗುವ ಮೊದಲು ನೀರಿನಲ್ಲಿರುವ ಕ್ಯಾಲ್ಸಿಯಂಗೆ ಖರ್ಚಾಗುತ್ತದೆ. ಆದ್ದರಿಂದ ಒಗೆಯುವ ಹಂತದಲ್ಲಿ ಮೆಷಿನ್ ಎಷ್ಟು ನೀರು ತುಂಬಿಕೊಳ್ಳುತ್ತದೆ ಎಂಬುದೇ ಮುಖ್ಯ. ಡ್ರೇನ್ ಪೈಪನ್ನು ದೊಡ್ಡ ಡ್ರಮ್ಮಿಗೆ ಬಿಟ್ಟು ಅಳೆದಾಗ ನಮ್ಮ ಟಾಪ್ ಲೋಡ್ ಒಗೆಯಲಿಕ್ಕೆಂದೇ 50 ಲೀಟರಿನಷ್ಟು, ಅತ್ತಿಗೆಯ ಫ್ರಂಟ್ ಲೋಡ್ 15 ಲೀಟರಿನಷ್ಟು ತೆಗೆದುಕೊಳ್ಳುವುದು ಕಂಡಿತು. 50 ಲೀಟರಿನಲ್ಲಿ 20 ಗ್ರಾಂ ಸುಣ್ಣದ ಅಂಶ, 15 ಲೀಟರಿನಲ್ಲಿ 6 ಗ್ರಾಂ. ಹಾಕಿದ ಪುಡಿ ಎರಡರಲ್ಲೂ ಅಷ್ಟೇ. ಅವರ ಮೆಷಿನ್ನಿನಲ್ಲಿ ಅದರ ಬಹುಪಾಲು ಕೊಳೆ ತೆಗೆಯಲು ಉಳಿಯಿತು, ನಮ್ಮದರಲ್ಲಿ ಸುಣ್ಣಕ್ಕೇ ಹೋಯಿತು. ಮುಚ್ಚಳ ಎತ್ತಿ ನೋಡಿದರೆ ನಮ್ಮ ಮೆಷಿನ್ನಿನಲ್ಲಿ ನೊರೆ ನಿಲ್ಲುತ್ತಲೇ ಇರಲಿಲ್ಲ.

ಪುಡಿಯಲ್ಲಿರುವ ಸೋಡಾ ಕ್ಯಾಲ್ಸಿಯಂ ಅನ್ನು ಹಿಡಿದು ಸಣ್ಣ ಬಿಳಿ ಹರಳಾಗಿ ಕೆಡವುತ್ತದೆ, ಅದು ಹತ್ತಿಯ ಎಳೆಗಳ ನಡುವೆ ಕೂರುತ್ತದೆ. ತಿಂಗಳುಗಳು ಕಳೆದ ಮೇಲೆ ಟವೆಲ್‌ಗಳನ್ನು ಪಕ್ಕಪಕ್ಕ ಹಾಸಿ ನೋಡಿದರೆ ನಮ್ಮದು ಹಪ್ಪಳದಂತೆ ಸೆಟೆದಿತ್ತು, ಅಂಚಿನ ಹೊಲಿಗೆಯಲ್ಲಿ ಬೂದು ಬಣ್ಣ ಇಳಿದಿತ್ತು. ಅತ್ತಿಗೆಯದು ಹೊಸದರ ಮೆದುತನ ಕಳೆದುಕೊಂಡಿದ್ದರೂ ಮೈ ಒರೆಸಿದರೆ ನೀರು ಹೀರುತ್ತಿತ್ತು. ಟಾಪ್ ಲೋಡಿನಲ್ಲಿ ಪುಡಿಯನ್ನು ಒಂದೂವರೆ ಪಟ್ಟು ಮಾಡಿದ ಮೇಲೆ ಕೊಳೆ ಹೋಗುವುದು ಸರಿಹೋಯಿತು, ಒರಟುತನ ಹೋಗಲಿಲ್ಲ.

ಹಾಗೆಂದು ಫ್ರಂಟ್ ಲೋಡಿಗೆ ಗಡಸು ನೀರು ಏನೂ ಮಾಡುವುದಿಲ್ಲ ಅಂತಲ್ಲ. ಅದರ ತೊಂದರೆ ಹೀಟರಿನಲ್ಲಿದೆ. ನೀರು ಬಿಸಿಯಾದಷ್ಟೂ ಕರಗಿದ ಸುಣ್ಣ ಹೊರಬಂದು ಕಾಯುವ ಸಲಾಕೆಗೆ ಅಂಟುತ್ತದೆ, 60 ಡಿಗ್ರಿ ದಾಟಿದರೆ ಬಹಳ ಬೇಗ. ಗೀಸರಿನ ಕಾಯಿಲ್ ಬಿಚ್ಚಿಸಿ ನೋಡಿದವರಿಗೆ ಆ ಬಿಳಿ ಪದರ ಗೊತ್ತಿರುತ್ತದೆ. 60 ಡಿಗ್ರಿಯ ಪ್ರೋಗ್ರಾಂ ಹಾಕಿ ಮುಕ್ಕಾಲು ಗಂಟೆಯಾದರೂ ಬಾಗಿಲಿನ ಗಾಜು ಬೆಚ್ಚಗಾಗದಿದ್ದರೆ, ಒಗೆಯುವ ಹೊತ್ತು ಮೊದಲಿಗಿಂತ ಎಳೆಯುತ್ತಾ ಹೋದರೆ, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಬಿಳಿ ಚಕ್ಕೆ ಸಿಕ್ಕರೆ ಹೀಟರಿಗೆ ಪದರ ಕಟ್ಟಿದೆ ಎಂದು ತಿಳಿಯಬಹುದು.

ಅತ್ತಿಗೆ ದಿನದ ಬಟ್ಟೆಯನ್ನು 30 ಅಥವಾ 40 ಡಿಗ್ರಿಯಲ್ಲೇ ಮುಗಿಸುತ್ತಾರೆ. ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸುತ್ತು. ಅದಕ್ಕಿಂತ ಬಿಸಿ ಬೇಡ, ಬಿಸಿ ಜಾಸ್ತಿಯಾದರೆ ಸಿಟ್ರಿಕ್ ಆಸಿಡ್ ಸುಣ್ಣದ ಜೊತೆ ಸೇರಿ ಕರಗದ ಇನ್ನೊಂದು ಪದರ ಕಟ್ಟಬಹುದು. ಬ್ಲೀಚ್ ಜೊತೆಗಂತೂ ಖಂಡಿತ ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಹೀಟರ್ ಇಲ್ಲದ ನಮ್ಮ ಟಾಪ್ ಲೋಡಿಗೆ ಗೀಸರಿನ ಬಿಸಿನೀರಿನಲ್ಲಿ ಕರಗಿಸಿ ಹಾಕಿ, ಒಂದು ಗಂಟೆ ನೆನೆಯಲು ಬಿಡುತ್ತೇವೆ. ಹೀಟರ್ ಇಲ್ಲದಿದ್ದರೂ ಅದಕ್ಕೂ ಇದು ಬೇಕು. ರಿಪೇರಿಯವನು ಒಳಗಿನ ತೊಟ್ಟಿ ಎತ್ತಿದಾಗ ಅದರ ಹೊರಮೈಗೆ ಸೋಪು ಮತ್ತು ಸುಣ್ಣ ಸೇರಿದ ಜಿಡ್ಡು ಬೆರಳಿನಷ್ಟು ದಪ್ಪ ಕೂತಿತ್ತು. ಕಪ್ಪು ಬಟ್ಟೆಗೆ ಅಂಟುತ್ತಿದ್ದ ಬೂದು ಚೂರುಗಳು ಬರುತ್ತಿದ್ದುದು ಅಲ್ಲಿಂದಲೇ.

ಜಾಲಿಸುವುದರಲ್ಲಿ ಮಾತ್ರ ಟಾಪ್ ಲೋಡ್ ಮುಂದು. ಫ್ರಂಟ್ ಲೋಡ್ ಕಡಿಮೆ ನೀರಿನಲ್ಲಿ ಜಾಲಿಸುವುದರಿಂದ ಅತ್ತಿಗೆಯ ಕಡು ನೀಲಿ ಚೂಡಿದಾರದ ಮೇಲೆ ಪುಡಿಯ ಗೆರೆಗಳು ಉಳಿಯುತ್ತಿದ್ದವು. ಪುಡಿ ಬಿಟ್ಟು ಲಿಕ್ವಿಡ್‌ಗೆ ಬದಲಾಯಿಸಿ, ಒಂದು ರಿನ್ಸ್ ಹೆಚ್ಚಿಸಿದ ಮೇಲೆ ಆ ಗೆರೆ ಬರುವುದು ನಿಂತಿತು.

ಜಾಗದ ಲೆಕ್ಕ ಬೇರೆ. ಅತ್ತಿಗೆಯದು ಅಡುಗೆಕಟ್ಟೆಯ ಕೆಳಗೆ ಕೂತಿದೆ, ಎದುರಿಗೆ ಬಾಗಿಲು ತೆರೆಯುವಷ್ಟು, ಅಂದರೆ ಅರ್ಧ ಮೀಟರಿನಷ್ಟು, ಖಾಲಿ ಬಿಟ್ಟರೆ ಸಾಕು. ನಮ್ಮದು ಯುಟಿಲಿಟಿಯ ಮೂಲೆಯಲ್ಲಿದೆ. ಮುಚ್ಚಳ ಮೇಲಕ್ಕೆ ಏಳುವುದರಿಂದ ಅದರ ಮೇಲೆ ಶೆಲ್ಫ್ ಹೊಡೆಸುವ ಹಾಗಿಲ್ಲ, ಆ ಗೋಡೆಯಷ್ಟೂ ನಷ್ಟ. ಬಾಡಿಗೆ ಮನೆ ಬದಲಾಯಿಸುವವರು ತೂಕವನ್ನೂ ನೋಡಬೇಕು: ಟಾಪ್ ಲೋಡನ್ನು ಇಬ್ಬರು ಎತ್ತಿಕೊಂಡು ಮೆಟ್ಟಿಲಿಳಿಯಬಹುದು. ಫ್ರಂಟ್ ಲೋಡ್ 60 ಕೆಜಿಗೂ ಮೇಲೆ, ಸಾಗಿಸುವ ಮೊದಲು ಹಿಂಬದಿಗೆ ಟ್ರಾನ್ಸಿಟ್ ಬೋಲ್ಟ್ ಹಾಕದಿದ್ದರೆ ಒಳಗಿನ ಡ್ರಮ್ ತೂಗಾಡಿ ಕೆಡುತ್ತದೆ.

ಹಾಸನದ ಜುಲೈ ತಿಂಗಳಿನಲ್ಲಿ ಇನ್ನೊಂದು ವಿಷಯ ಎದ್ದು ಕಂಡಿತು. 1200 ಆರ್‌ಪಿಎಂನಲ್ಲಿ ಹಿಂಡಿದ ಅತ್ತಿಗೆಯ ಬಟ್ಟೆ ಹಾಲಿನಲ್ಲಿ ಫ್ಯಾನಿನ ಕೆಳಗೆ ರಾತ್ರಿ ಹಾಕಿದರೆ ಬೆಳಗ್ಗೆ ಆರಿರುತ್ತಿತ್ತು. 700 ಆರ್‌ಪಿಎಂನ ನಮ್ಮ ಬಟ್ಟೆ ಮಾರನೇ ಸಂಜೆಯಾದರೂ ತಣ್ಣಗೆ, ಮುಗ್ಗಲು ವಾಸನೆ ಹಿಡಿದುಕೊಂಡು. ಸಣ್ಣ ಮನೆಯಲ್ಲಿ ಬಟ್ಟೆ ಸ್ಟ್ಯಾಂಡ್ ಎರಡು ದಿನ ನಡುಮನೆಯಲ್ಲೇ ನಿಂತರೆ ಓಡಾಡಲು ಜಾಗವೇ ಇರುವುದಿಲ್ಲ.

ಈಗ ಮತ್ತೆ ಕೊಳ್ಳಬೇಕಾದರೆ ನಾನು ಫ್ರಂಟ್ ಲೋಡನ್ನೇ ತರುತ್ತೇನೆ. ಟಾಪ್ ಲೋಡೇ ಸರಿ ಎನ್ನುವುದು ಕೊನೆಯ ಮಹಡಿಯವರಿಗೆ. ಹಲವು ಫ್ರಂಟ್ ಲೋಡ್‌ಗಳಿಗೆ 0.3 ಬಾರ್‌ನಷ್ಟಾದರೂ ಒತ್ತಡ ಬೇಕು, ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ 3 ಮೀಟರ್ ಎತ್ತರದಲ್ಲಿರಬೇಕು. ತಲೆಯ ಮೇಲೇ ಟ್ಯಾಂಕ್ ಇರುವ ಮನೆಯಲ್ಲಿ ಅಷ್ಟು ಸಿಗುವುದು ಅನುಮಾನ, ಮೆಷಿನ್ ನೀರು ಬರಲಿಲ್ಲವೆಂದು ಎರರ್ ತೋರಿಸಿ ನಿಂತುಬಿಡುತ್ತದೆ. ಬುಕಿಂಗ್ ಮಾಡುವ ಮೊದಲು ಟ್ಯಾಂಕಿನ ತಳದಿಂದ ಮೆಷಿನ್ ನಲ್ಲಿಯವರೆಗೆ ಟೇಪು ಹಿಡಿದು ಅಳೆಯಿರಿ, ಆ ಮಾಡೆಲ್ಲಿನ ಕೈಪಿಡಿಯಲ್ಲಿ ಬರೆದಿರುವ ಕನಿಷ್ಠ ಒತ್ತಡದ ಜೊತೆ ತಾಳೆ ನೋಡಿ. ಕಡಿಮೆ ಬಿದ್ದರೆ ಪ್ರೆಶರ್ ಪಂಪಿನ ಖರ್ಚನ್ನೂ ಮೆಷಿನ್ನಿನ ಬೆಲೆಗೆ ಸೇರಿಸಿಯೇ ಹೋಲಿಸಿ.