ಸೀರೆ ಜೊತೆ ಬಂದ ಚೀಟಿ: ಮೂರು ಇಳಕಲ್ ಸೀರೆ ಉಟ್ಟ ಮೇಲೆ ನನ್ನ ಅನುಭವ

ನಾನು ವರ್ಷಕ್ಕೆ ಒಂದೇ ಒಳ್ಳೆ ಸೀರೆ ತಗೊಳ್ಳುವವಳು. ಶಾಲೆಯಲ್ಲಿ ಪಾಠ ಮಾಡ್ತೀನಿ, ದೀಪಾವಳಿ ಹೊತ್ತಿಗೆ ಸೀರೆಗೆ ಅಂತ ನಾಲ್ಕು ಸಾವಿರ ಎತ್ತಿಡ್ತೀನಿ, ಅದಕ್ಕಿಂತ ಜಾಸ್ತಿ ಆಗಲ್ಲ. ಆದ್ದರಿಂದ ಆ ಒಂದು ಸೀರೆ ಕೈಕೊಟ್ಟರೆ ನನಗೆ ಒಂದು ವರ್ಷ ಕೈಕೊಟ್ಟ ಹಾಗೆ. ಈಗ ಮೂರು ವರ್ಷದಿಂದ ಒಬ್ಬರೇ ಕೈಮಗ್ಗದ ವ್ಯಾಪಾರಿಯ ಹತ್ತಿರ ಫೋನಿನಲ್ಲೇ ಇಳಕಲ್ ಸೀರೆ ತರಿಸಿದ್ದೇನೆ. ಸೀರೆ ಚೆನ್ನಾಗಿರುತ್ತೆ ಅಂತ ನಿಮಗೆ ಗೊತ್ತು. ಸೀರೆ ಮಡಿಕೆಯೊಳಗೆ ಅವರು ಇಟ್ಟು ಕಳಿಸುವ ಚೀಟಿಯ ಬಗ್ಗೆ ನಾನು ಬರೀಬೇಕು.

ಅದು ಅಂಗೈ ಅಗಲದ ಚೀಟಿ. "ಇದು ಕೈಯಿಂದ ನೇಯ್ದ ಬಟ್ಟೆ. ಸಣ್ಣ ಗಂಟು, ಅಡ್ಡ ಗೆರೆ, ಅಂಚಿನಲ್ಲಿ ಸೂಜಿ ತೂತು, ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುವುದು ಸಹಜ, ಇವು ದೋಷಗಳಲ್ಲ" ಅಂತ ಮೇಲೆ. "ಮೊದಲ ಸಲ ಉಪ್ಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿ" ಅಂತ ಕೆಳಗೆ.

ಮೊದಲನೇ ಸೀರೆ ನವಿಲು ಬಣ್ಣದ್ದು. ಬಿಚ್ಚಿ ಹಾಸಿಗೆ ಮೇಲೆ ಹರಡಿದೆ, ಒಡಲಿನ ಮಧ್ಯದಲ್ಲಿ ಒಂದು ಬೆರಳು ಅಗಲದ ದಟ್ಟ ಪಟ್ಟಿ, ಈ ಅಂಚಿನಿಂದ ಆ ಅಂಚಿಗೆ. ಎದೆ ಧಸಕ್ ಅಂತು. ಚೀಟಿ ಓದಿದಾಗ ಇನ್ನೂ ಸಿಟ್ಟು ಬಂತು, ಹಾಳಾದ್ದನ್ನು ಕೊಟ್ಟು ಸಹಜ ಅಂತ ಮೊದಲೇ ಬರೆದಿಟ್ಟಿದ್ದಾರೆ ಅನ್ನಿಸಿತು. ಫೋನ್ ಮಾಡಿದೆ. ಆ ಕಡೆಯಿಂದ, "ಅಕ್ಕಾರ, ಅದು ಡ್ಯಾಮೇಜ್ ಅಲ್ರೀ. ನೇಯೋರು ಊಟಕ್ಕ ಎದ್ದು ಹೋಗಿ ಬಂದು ಕುಂತ ಜಾಗ ಅದು. ಎರಡು ಸಲ ಒಗೀರಿ, ಆಮ್ಯಾಲೆ ಹೇಳ್ರಿ" ಅಂದರು. ನಾನು ನಂಬಲಿಲ್ಲ, ಆದರೂ ಇಟ್ಟುಕೊಂಡೆ.

ಆಮೇಲೆ ಬಾಗಲಕೋಟೆ ಜಿಲ್ಲೆಗೆ ಒಂದು ಮದುವೆಗೆ ಹೋದಾಗ ಇಳಕಲ್ಲಿನಲ್ಲಿ ಒಂದು ಮನೆಯ ಮಗ್ಗ ನೋಡುವ ಅವಕಾಶ ಸಿಕ್ಕಿತು. ಕುಣಿ ಮಗ್ಗ. ನೆಲದಲ್ಲಿ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಪೆಡಲು ತುಳಿಯೋದು. ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿಯಿಂದ ಅಡ್ಡ ಹೋಗೋದು ಹೊಕ್ಕು. ಪ್ರತಿ ಸಲ ಲಾಳಿ ಹೋದ ಮೇಲೆ ಬಾಚಣಿಗೆ ಥರದ ಹಣಿಗೆಯನ್ನು ಕೈಯಿಂದ ಎಳೆದು ಹೊಕ್ಕನ್ನು ಒತ್ತುತ್ತಾರೆ. ಅಲ್ಲಿ ಕೂತು ಹತ್ತು ನಿಮಿಷ ಆ ಶಬ್ದ ಕೇಳಿದರೆ ಸಾಕು, ಒಂದು ಏಟು ಇದ್ದ ಹಾಗೆ ಇನ್ನೊಂದು ಇರಲ್ಲ ಅನ್ನೋದು ಕಿವಿಗೇ ಗೊತ್ತಾಗುತ್ತೆ. ನೇಯುವವರು ಎದ್ದು ಹೋದಾಗ, ಇಲ್ಲವೇ ನೇಯ್ದ ಬಟ್ಟೆಯನ್ನು ಸುತ್ತಿ ಹಾಸನ್ನು ಮುಂದಕ್ಕೆ ಎಳೆದುಕೊಂಡಾಗ, ಬಿಗಿ ಸ್ವಲ್ಪ ಬದಲಾಗುತ್ತೆ. ಮತ್ತೆ ಶುರು ಮಾಡಿದ ಮೊದಲ ಕೆಲವು ಎಳೆ ತೀರಾ ಹತ್ತಿರ ಕೂರಬಹುದು, ದೂರವೂ ಕೂರಬಹುದು. ಹತ್ತಿರ ಕೂತರೆ ದಟ್ಟ ಪಟ್ಟಿ, ದೂರ ಕೂತರೆ ತೆಳು ಪಟ್ಟಿ. ನನ್ನ ಸೀರೆಯ ಪಟ್ಟಿ ಐದಾರು ಒಗೆತಕ್ಕೆ ಗಂಜಿ ಹೋಗಿ, ಎಳೆಗಳು ಅತ್ತಿತ್ತ ಸರಿದು, ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಅವರು ಹೇಳಿದ್ದು ನಿಜ.

ಅಂಚಿನ ಸೂಜಿ ತೂತು ಕೂಡ ಅಲ್ಲೇ ಅರ್ಥ ಆಯಿತು. ನೇಯುತ್ತಾ ಹೋದಂತೆ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತೆ. ಅದಕ್ಕೆ ಎರಡೂ ತುದಿಯಲ್ಲಿ ಸೂಜಿ ಇರುವ ಒಂದು ಕಡ್ಡಿಯಿಂದ ಅಗಲಕ್ಕೆ ಎಳೆದು ಹಿಡಿದಿರುತ್ತಾರೆ, ಸ್ವಲ್ಪ ನೇಯ್ದ ಮೇಲೆ ಕಿತ್ತು ಮುಂದೆ ಚುಚ್ಚುತ್ತಾರೆ. ಆ ತೂತುಗಳು ಕೆಲವು ಬೆರಳಿಗೊಮ್ಮೆ ಎರಡೂ ಅಂಚಿನಲ್ಲಿ ಎದುರುಬದುರು ಇರುತ್ತವೆ. ಈಗ ನಾನು ಅಂಗಡಿಯಲ್ಲಿ ಯಾರಾದರೂ ಕೈಮಗ್ಗ ಅಂದರೆ ಮೊದಲು ಅಂಚನ್ನೇ ನೋಡೋದು.

ಆದರೆ ನನಗೆ ತುಂಬ ಇಷ್ಟವಾದದ್ದು ಚೀಟಿಯಲ್ಲಿ ಬರೆದೇ ಇರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್. ಎರಡನ್ನೂ ಒಂದೊಂದೇ ಎಳೆ ಕುಣಿಕೆಯೊಳಗೆ ಕುಣಿಕೆ ಹಾಕಿ ಸೇರಿಸುತ್ತಾರೆ, ಇದಕ್ಕೆ ಕೊಂಡಿ ಅಂತಾರೆ. ಸಾವಿರಾರು ಎಳೆ, ಅದೂ ಪ್ರತಿ ಸೀರೆಗೂ ಹೊಸದಾಗಿ. ಹೀಗೆ ಸೇರಿಸಿದ ಆ ಕೆಂಪು ಸೆರಗಿಗೆ ಆ ಕಡೆಯವರು ತೋಪು ತೆನಿ ಸೆರಗು ಅಂತಾರೆ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬೆರಳು ಆಡಿಸಿದರೆ ಬತ್ತದ ಕಾಳಿನಷ್ಟೂ ಎತ್ತರ ಇಲ್ಲದ ಒಂದು ಗೀರು ಸಿಗುತ್ತೆ. ನಾನು ಮೊದಲು ಅದನ್ನೂ ದೋಷ ಅಂದುಕೊಂಡಿದ್ದೆ. ಈಗ ಸಂಜೆ ಶಾಲೆಯಿಂದ ಬಂದು ಸೀರೆ ಬಿಚ್ಚಿ, ಅರ್ಧ ಗಂಟೆ ಗಾಳಿಗೆ ಹಾಕಿ, ಮಡಚುವಾಗ ಹೆಬ್ಬೆರಳು ತಾನಾಗಿ ಆ ಗೀರು ಹುಡುಕುತ್ತೆ. ಅಲ್ಲಿಂದ ಶುರು ಮಾಡಿ ಮಡಚುತ್ತೇನೆ, ಪ್ರತಿ ಸಲ ಮಡಿಕೆ ಬೇರೆ ಜಾಗಕ್ಕೆ ಬರುವ ಹಾಗೆ, ಒಂದೇ ಕಡೆ ಬಂದರೆ ರೇಷ್ಮೆ ಎಳೆ ಅಲ್ಲೇ ಸೀಳುತ್ತೆ. ಆ ಎರಡು ನಿಮಿಷ ನನಗೆ ದಿನದ ಒಳ್ಳೆ ಹೊತ್ತು. ಪವರ್‌ಲೂಮಿನಲ್ಲಿ ಮಾಡಿದ ಇಳಕಲ್ ಥರದ ಸೀರೆಯಲ್ಲಿ ಹಾಸು ಒಂದೇ ಆಗಿ ಸಾಗಿ ಹೋದರೆ ಈ ಗೀರು ಸಿಗಲ್ಲ.

ಬಣ್ಣದ ವಿಷಯಕ್ಕೆ ಬರ್ತೀನಿ, ನನಗೆ ಬೇಜಾರಾಗಿದ್ದೂ ಇಲ್ಲೇ.

ನನ್ನ ನವಿಲು ಬಣ್ಣ ನೋಡಿ ತಂಗಿ ಅದೇ ಬೇಕು ಅಂತ ತರಿಸಿದಳು. ಅವಳದ್ದು ಸ್ವಲ್ಪ ಹಸಿರಿಗೆ ತಿರುಗಿತ್ತು. ಇದು ಸಹಜ ಅನ್ನೋದನ್ನು ನಾನು ಒಪ್ಪುತ್ತೇನೆ. ನೂಲನ್ನು ಲಡಿ ಲಡಿಯಾಗಿ ಬಣ್ಣದ ನೀರಿನಲ್ಲಿ ಅದ್ದುತ್ತಾರೆ, ಒಂದು ಸಲಕ್ಕೆ ಸ್ವಲ್ಪವೇ. ನೀರು ಗಡುಸಾಗಿದ್ದರೆ, ಬಿಸಿ ಹೆಚ್ಚು ಕಮ್ಮಿ ಆದರೆ ಬಣ್ಣ ಒಂದು ಮೆಟ್ಟಿಲು ಆಚೀಚೆ ಆಗುತ್ತೆ. ಜೊತೆಗೆ ಈ ಬಣ್ಣದಲ್ಲಿ ಹಾಸು ಒಂದು, ಹೊಕ್ಕು ಇನ್ನೊಂದು, ನೆರಿಗೆ ತಿರುಗಿದ ಕಡೆ ಬೇರೆಯೇ ಕಾಣುತ್ತೆ, ಫೋಟೋದಲ್ಲಿ ಅದು ಸಿಗಲ್ಲ. ಟ್ಯೂಬ್‌ಲೈಟಿನ ಕೆಳಗೆ ನೋಡಿ ಜಗಳ ಆಡಬೇಡಿ, ಬೆಳಿಗ್ಗೆ ಕಿಟಕಿ ಹತ್ತಿರ ನೋಡಿ. ಇನ್ನೊಂದು ಗುರುತು: ಪಟ್ಟಿಯ ಎರಡೂ ಬದಿಯ ಬಣ್ಣ ಒಂದೇ ಇದ್ದರೆ ಅದು ಕೈ ನಿಂತ ಜಾಗ. ಒಂದು ಗೆರೆಯಿಂದ ಆಚೆ ಪೂರ್ತಿ ತಿಳಿಯಾಗಿದ್ದರೆ, ಅಲ್ಲಿ ಹೊಕ್ಕಿಗೆ ಬೇರೆ ಸಲ ಬಣ್ಣ ಹಾಕಿದ ಲಡಿ ಬಂದಿದೆ. ಅದು ಒಗೆದರೆ ಹೋಗಲ್ಲ. ನೆರಿಗೆಯೊಳಗೆ ಹೋಗುವ ಜಾಗದಲ್ಲಿದ್ದರೆ ನಾನು ಇಟ್ಟುಕೊಳ್ಳುತ್ತೇನೆ, ಎದುರಿಗೇ ಕಾಣುವಂತಿದ್ದರೆ ವಾಪಸ್ ಕಳಿಸುತ್ತೇನೆ.

ಎರಡನೇ ವರ್ಷ ಕೆನೆ ಬಣ್ಣದ ಒಡಲು, ಕೆಂಪು ದಡಿ ಇರೋದು ತಗೊಂಡೆ. ಮೂರು ಸಾವಿರದ ಎಂಟು ನೂರು. ಎರಡು ಸಲ ಉಟ್ಟು, ಚೀಟಿಯಲ್ಲಿ ಹೇಳಿದ ಹಾಗೇ ಬಕೆಟ್ಟಿನಲ್ಲಿ ಉಪ್ಪು ನೀರು ಹಾಕಿ ಅರ್ಧ ಗಂಟೆ ನೆನೆಸಿದೆ. ತೆಗೆದಾಗ ನೀರು ಕೋಕಂ ಶರಬತ್ತಿನ ಹಾಗಿತ್ತು. ಕೆನೆ ಒಡಲಿನ ತುಂಬ ಗುಲಾಬಿ ಮೋಡ. ಫೋಟೋ ಕಳಿಸಿದರೆ ಬಂದ ಉತ್ತರ, "ಬಣ್ಣದ ವ್ಯತ್ಯಾಸ ಸಹಜ ಅಂತ ಚೀಟಿಯೊಳಗ ಬರದೀವಲ್ರೀ."

ಅವತ್ತು ನಾನು ಅತ್ತುಬಿಟ್ಟೆ. ಬಣ್ಣ ಆಚೀಚೆ ಇರೋದು ಬೇರೆ, ಬಣ್ಣ ಬಿಡೋದು ಬೇರೆ. ನೂಲಿಗೆ ಬಣ್ಣ ಹಾಕಿದ ಮೇಲೆ ಅಂಟದೇ ಉಳಿದ ಬಣ್ಣವನ್ನು ಬಿಸಿ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು, ನೀರು ತಿಳಿಯಾಗುವವರೆಗೂ. ಆ ಕೆಲಸ ಅರ್ಧಕ್ಕೆ ಬಿಟ್ಟರೆ ಉಳಿದ ಬಣ್ಣ ನಮ್ಮ ಬಕೆಟ್ಟಿಗೆ ಬರುತ್ತೆ. ಇದರಲ್ಲಿ ನೇಯುವವರ ಕೈಯ ಪಾತ್ರವೇ ಇಲ್ಲ. ಇನ್ನು ಉಪ್ಪು. ಬಣ್ಣದ ತೊಟ್ಟಿಯಲ್ಲಿ ಹತ್ತಿ ನೂಲಿಗೆ ಬಣ್ಣ ಏರಲು ಉಪ್ಪು ಹಾಕುತ್ತಾರೆ, ಅದು ನಿಜ. ನೇಯ್ದು ಮನೆಗೆ ಬಂದ ಸೀರೆಯಲ್ಲಿ ಬಿಡುವ ಬಣ್ಣವನ್ನು ಬಕೆಟ್ಟಿನ ಉಪ್ಪು ಕಟ್ಟಿ ಹಾಕಲ್ಲ. ತಿಳಿ ಒಡಲು, ಗಾಢ ದಡಿ ಇರುವ ಸೀರೆಯನ್ನು ನಿಂತ ನೀರಿನಲ್ಲಿ ನೆನೆಸಿದರೆ ಬಿಟ್ಟ ಬಣ್ಣ ಹೋಗಿ ಒಡಲಿಗೆ ಕೂರುತ್ತೆ, ಅಷ್ಟೇ. ಆ ಸಾಲನ್ನು ಪಾಲಿಸಿದ್ದಕ್ಕೇ ನನ್ನ ಸೀರೆ ಇನ್ನಷ್ಟು ಹಾಳಾಯಿತು.

ನಾನು ಸುಮ್ನೆ ಇರಲಿಲ್ಲ. ದಡಿಯ ಒಣಗಿದ ತುದಿಗೆ ಒದ್ದೆ ಬಿಳಿ ಕರ್ಚೀಫು ಇಟ್ಟು ಒಂದು ನಿಮಿಷ ಒತ್ತಿದೆ, ಕೆಂಪು ಅಚ್ಚು ಬಂತು. ಮೊದಲನೇ ಸೀರೆಯ ದಡಿಗೂ ಹಾಗೇ ಮಾಡಿದೆ, ಏನೂ ಬರಲಿಲ್ಲ. ಎರಡೂ ಕರ್ಚೀಫಿನ ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು. "ಅಕ್ಕಾರ, ದಡಿ ನೂಲು ಈ ಸಲ ಬ್ಯಾರೆ ಕಡೆ ಬಣ್ಣ ಹಾಕಿಸಿದ್ವಿ. ಇದು ನಮ್ಮ ತಪ್ಪು" ಅಂದು ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಗುಲಾಬಿ ಮೋಡ ಮಾತ್ರ ಹಾಗೇ ಇದೆ, ಆ ಸೀರೆಯನ್ನು ಈಗ ಮನೆಯಲ್ಲಿ ಉಡ್ತೀನಿ.

ಮೂರನೇ ಸೀರೆ ಬಂದಾಗ ಬಟ್ಟೆಗಿಂತ ಮೊದಲು ಚೀಟಿ ಓದಿದೆ. ಒಂದು ಸಾಲು ಸೇರಿದೆ: "ಬಣ್ಣ ಬಿಟ್ಟರೆ ಅದು ದೋಷ, ತಿಳಿಸಿ." ಉಪ್ಪಿನ ಸಾಲು ಇನ್ನೂ ಇದೆ, ತೆಗೀರಿ ಅಂತ ಮತ್ತೆ ಹೇಳಿದ್ದೇನೆ. ನನ್ನನ್ನು ಕೇಳಿದರೆ ಇನ್ನೊಂದು ಸಾಲೂ ಬೇಕು. ಅಡ್ಡ ಗೆರೆಗೆ ಮಾತ್ರ ಸಹಜ ಅನ್ನಿ. ಉದ್ದಕ್ಕೆ ಸಾಗುವ ಗೆರೆ ಬೇರೆ ವಿಷಯ. ಹಣಿಗೆಯ ಹಲ್ಲಿನಿಂದ ಬಂದ ತೆಳು ಗೀರಾದರೆ ಒಗೆದಂತೆ ಕೂಡಿಕೊಳ್ಳುತ್ತೆ. ಹಾಸಿನ ಎಳೆ ತುಂಡಾದದ್ದನ್ನು ಗಂಟು ಹಾಕದೆ ಮಾರುಗಟ್ಟಲೆ ನೇಯ್ದುಬಿಟ್ಟಿದ್ದರೆ ಅಲ್ಲಿ ಒಂದು ಎಳೆಯೇ ಇಲ್ಲ, ಅದು ಯಾವ ಒಗೆತಕ್ಕೂ ಬರಲ್ಲ. ಬೆಳಕಿಗೆ ಹಿಡಿದರೆ ದಾರದಷ್ಟು ಸಣ್ಣ ಸಂದು ಉದ್ದಕ್ಕೂ ಕಾಣುತ್ತೆ. ಹಿಂಬದಿಯ ಗಂಟು ಇದಕ್ಕೆ ಉಲ್ಟಾ, ತುಂಡಾದ ಎಳೆಯನ್ನು ಯಾರೋ ನಿಂತು ಸರಿ ಮಾಡಿದ್ದಾರೆ ಅಂತ ಅರ್ಥ. ಅದನ್ನು ಕತ್ತರಿಸಬೇಡಿ, ಬಿಚ್ಚಿಕೊಳ್ಳುತ್ತೆ.

ಮೂರನೇದು ಗಿರಿ ಕುಂಕುಮ ಬಣ್ಣ. ಅಂಚಿನಲ್ಲಿ ಸೂಜಿ ತೂತು ಇವೆ, ಒಡಲಲ್ಲಿ ಎರಡು ಕಡೆ ಅಡ್ಡ ಪಟ್ಟಿ ಇದೆ, ಕೊಂಡಿ ಗೀರು ಹೆಬ್ಬೆರಳಿಗೆ ಸಿಕ್ಕಿತು. ಒದ್ದೆ ಕರ್ಚೀಫು ಬೆಳ್ಳಗೇ ಇತ್ತು. ಈ ವರ್ಷದ ದುಡ್ಡೂ ಅವರಿಗೇ ಎತ್ತಿಟ್ಟಿದ್ದೇನೆ.